ಮೂವತ್ತನಾಲ್ಕು 304 ಆಗದಿರಲು

‘ಮೂವತ್ತನಾಲ್ಕು ಬರಿ’ ಎಂದರೆ ಏಳು ವರ್ಷದ ನನ್ನ ಮೊಮ್ಮಗಳು 304 ಎಂದು ಬರೆಯುತ್ತಿದ್ದಳು. ಮೂವತ್ತಕ್ಕೆ 30, ನಾಲ್ಕಕ್ಕೆ 4: ಕಿವಿಗೆ ಬಿದ್ದಂತೆಯೇ!

ಅವಳಿಗಾಗಿ ಹಾಳೆಯೊಂದರಲ್ಲಿ ನಾಲ್ಕು ಮನೆ ಗೆರೆ ಎಳೆದೆ. ಮೊದಲ ಮನೆಯಲ್ಲಿ ಹತ್ತು ಬ್ಲಾಕು ಜೋಡಿಸಿದ ಕೋಲು ಮೂರು, ಬಿಡಿ ಬ್ಲಾಕು ನಾಲ್ಕು ಇಡಬೇಕು. ಎರಡನೆಯದರಲ್ಲಿ ಅವನ್ನೇ ಮೂರು ಗೆರೆ, ನಾಲ್ಕು ಚುಕ್ಕಿಯಾಗಿ ಬಿಡಿಸಬೇಕು. ಮೂರನೆಯದರಲ್ಲಿ ‘ಹತ್ತು’, ‘ಬಿಡಿ’ ಎಂಬ ಎರಡು ಕೋಣೆ. ಒಂದೊಂದಕ್ಕೆ ಒಂದೇ ಅಂಕಿ. ನಾಲ್ಕನೆಯದರಲ್ಲಿ ಬರೀ 34.

ಮುಂದಿನ ಸಂಖ್ಯೆಗಳಿಗೆ ಮೊದಲು ಬ್ಲಾಕು, ಆಮೇಲೆ ಚಿತ್ರ ಕೈಬಿಟ್ಟೆ.

ಕೊನೆಗೆ 34ರ 3ನ್ನು ತೋರಿಸಿ, ‘ಇದರಷ್ಟು ಬ್ಲಾಕು ಕೊಡು’ ಎನ್ನಿ. ಮೂರು ಬಿಡಿ ಕೊಟ್ಟರೆ ಮತ್ತೆ ಮೊದಲ ಮನೆಗೆ. ಮೂರು ಕೋಲು ಕೊಟ್ಟರೆ ಸ್ಥಾನಬೆಲೆ ತಿಳಿದಂತೆ.