ಇದ್ದೂ ಇಲ್ಲದ ಬಿ12

ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಮೈ ಓಲಾಡಿ, ಗೋಡೆ ಹಿಡಿದುಕೊಳ್ಳಬೇಕಾಗುತ್ತದೆ. ಕಣ್ಣು ತೆರೆದರೆ ಸರಿಹೋಗುತ್ತದೆ. ಅದಕ್ಕೂ ಕೆಲವು ವಾರ ಮೊದಲು ಪಾದಗಳಲ್ಲಿ ಜುಮುಜುಮು ಶುರುವಾಗಿರುತ್ತದೆ, ಆಮೇಲೆ ಬೆರಳ ತುದಿಗಳಲ್ಲಿ. ನಡೆದರೆ ಹತ್ತಿಯ ಮೇಲೆ ಕಾಲಿಟ್ಟಂತೆ. ಕುತ್ತಿಗೆ ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟು ಹೊಡೆದಂತೆ. ಬ್ರಿಟನ್ನಿನ ನರರೋಗ ತಜ್ಞರ ಮುಂದೆ ಇತ್ತೀಚಿನ ವರ್ಷಗಳಲ್ಲಿ ಇಂಥ ದೂರು ಹೊತ್ತು ಬರುತ್ತಿರುವವರಲ್ಲಿ ಇಪ್ಪತ್ತರ ಆಸುಪಾಸಿನ, ಬೇರಾವ ಕಾಯಿಲೆಯೂ ಇಲ್ಲದ ಹುಡುಗ ಹುಡುಗಿಯರೂ ಇದ್ದಾರೆ. ಕಾರಣ ಹುಡುಕುತ್ತ ಹೋದರೆ ಸಿಗುವುದು ಕೇಕಿನ ಮೇಲಿನ ಕ್ರೀಮು ಉಬ್ಬಿಸಲು ಬಳಸುವ ಒಂದು ಉಕ್ಕಿನ ಗುಂಡು.

ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಆ ಗುಂಡಿನಲ್ಲಿ 8 ಗ್ರಾಂ ನೈಟ್ರಸ್ ಆಕ್ಸೈಡ್ ಇರುತ್ತದೆ. ಇದು ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಅನಿಲ. ಒತ್ತಡದಲ್ಲಿ ಕ್ರೀಮಿನೊಳಗೆ ಕರಗಿ, ಹೊರಬಂದಾಗ ಗುಳ್ಳೆಗಳಾಗಿ ಉಬ್ಬಿಸುತ್ತದೆ. ಅಡುಗೆಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಇದೇ ಅನಿಲವನ್ನು ಬಲೂನಿಗೆ ತುಂಬಿ ಎಳೆದುಕೊಂಡರೆ ಒಂದೆರಡು ನಿಮಿಷ ತಲೆ ಹಗುರಾಗಿ ನಗು ಬರುತ್ತದೆ. ಲಾಫಿಂಗ್ ಗ್ಯಾಸ್ ಎಂಬ ಹೆಸರು ಬಂದದ್ದು ಹಾಗೆ. ಅಮಲು ಬೇಗ ಇಳಿಯುವುದರಿಂದ ಮತ್ತೊಂದು, ಮಗದೊಂದು ಎಂದು ಲೆಕ್ಕ ತಪ್ಪುತ್ತದೆ. ಈಗಂತೂ ಎಂಬತ್ತು ಗುಂಡುಗಳಷ್ಟು ಅನಿಲ ಹಿಡಿಯುವ ದೊಡ್ಡ ಸಿಲಿಂಡರ್‌ಗಳೇ ಬಂದಿವೆ. ಮೋಜಿಗಾಗಿ ಸೇದಲು ಇದನ್ನು ಇಟ್ಟುಕೊಳ್ಳುವುದನ್ನು ಬ್ರಿಟನ್ 2023ರ ನವೆಂಬರ್‌ನಲ್ಲಿ ಅಪರಾಧವೆಂದು ಸಾರಿತು.

ನರಕ್ಕೆ ಏಟು ಬೀಳುವುದು ಬಿ12 ವಿಟಮಿನ್ ಮೂಲಕ. ಈ ವಿಟಮಿನ್ನಿನ ನಟ್ಟನಡುವೆ ಕೋಬಾಲ್ಟ್ ಲೋಹದ ಒಂದೇ ಒಂದು ಪರಮಾಣು ಕೂತಿದೆ. ಕೆಲಸವೆಲ್ಲ ನಡೆಯುವುದು ಅದರ ಮೇಲೆ. ಜೀವಕೋಶದೊಳಗೆ ಮೆಥಿಯೋನಿನ್ ಸಿಂಥೇಸ್ ಎಂಬ ಕಿಣ್ವವಿದೆ. ಅದು ಬಿ12ರ ನೆರವಿನಿಂದ ಹೋಮೋಸಿಸ್ಟೀನ್ ಎಂಬ ವಸ್ತುವನ್ನು ಮೆಥಿಯೋನಿನ್ ಆಗಿ ಬದಲಿಸುತ್ತದೆ. ನರತಂತುಗಳಿಗೆ ಸುತ್ತಿಕೊಂಡಿರುವ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುಸ್ಥಿತಿಯಲ್ಲಿ ಉಳಿಯಲು ಈ ಮೆಥಿಯೋನಿನ್ ಬೇಕು. ಕಿಣ್ವ ಕೆಲಸ ಮಾಡುವ ಒಂದು ಹಂತದಲ್ಲಿ ಕೋಬಾಲ್ಟ್ ಬಹಳ ಸೂಕ್ಷ್ಮ ಸ್ಥಿತಿಯಲ್ಲಿರುತ್ತದೆ. ನೈಟ್ರಸ್ ಆಕ್ಸೈಡ್ ಸರಿಯಾಗಿ ಆ ಗಳಿಗೆಯಲ್ಲೇ ಅದನ್ನು ಉತ್ಕರ್ಷಿಸುತ್ತದೆ, ಅಂದರೆ ಅದರ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಬಿ12 ನಿಷ್ಕ್ರಿಯವಾಗುತ್ತದೆ, ಜೊತೆಗಿದ್ದ ಕಿಣ್ವವೂ ಕೆಡುತ್ತದೆ. ಕೆಟ್ಟ ಕಿಣ್ವ ರಿಪೇರಿಯಾಗುವುದಿಲ್ಲ, ದೇಹ ಹೊಸದನ್ನೇ ತಯಾರಿಸಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ.

ಎಷ್ಟು ಬೇಗ ಕೆಡುತ್ತದೆ? ಶಸ್ತ್ರಚಿಕಿತ್ಸೆಯ ವೇಳೆ ಈ ಅನಿಲ ಪಡೆದವರ ಯಕೃತ್ತಿನಲ್ಲಿ ಅಳೆದಾಗ, ಸುಮಾರು 46 ನಿಮಿಷಕ್ಕೆ ಕಿಣ್ವದ ಅರ್ಧ ಶಕ್ತಿ ಹೋಗಿತ್ತು. ಒಂದು ಸಲ ಹೀಗಾದರೆ ಆರೋಗ್ಯವಂತರ ದೇಹ ತಡೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ಸೇದುವವರಲ್ಲಿ ಹೊಸ ಕಿಣ್ವ ಹುಟ್ಟುವ ಮೊದಲೇ ಮುಂದಿನ ಏಟು ಬಿದ್ದಿರುತ್ತದೆ. ಕೆಟ್ಟುಹೋದ ಬಿ12 ನಿಧಾನಕ್ಕೆ ದೇಹದಿಂದ ಹೊರಹೋಗಿ, ದಾಸ್ತಾನೂ ಕರಗುತ್ತ ಬರುತ್ತದೆ.

ಮೊದಲು ಸೊರಗುವುದು ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುವ, ದಪ್ಪ ಹೊದಿಕೆಯ ಉದ್ದನೆಯ ತಂತುಗಳು. ಕಾಲು ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಅವೇ. ಆ ಸುದ್ದಿ ನಿಂತಾಗ ಕಣ್ಣು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಹಾಗಾಗಿಯೇ ಬೆಳಕಿನಲ್ಲಿ ಹೇಗೋ ನಡೆಯುವವರು ಕತ್ತಲಲ್ಲಿ, ಅಥವಾ ಮುಖ ತೊಳೆಯುವಾಗ, ಮುಗ್ಗರಿಸುತ್ತಾರೆ.

ಇದು ಹೊಸ ಕಾಯಿಲೆಯಲ್ಲ. 1978ರಲ್ಲಿ ಅಮೆರಿಕದ ನರರೋಗ ತಜ್ಞ ರಾಬರ್ಟ್ ಲೇಜರ್ ಇಂಥ 15 ರೋಗಿಗಳ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ 14 ಮಂದಿ ಹಲ್ಲಿನ ವೈದ್ಯರು! ಕ್ಲಿನಿಕ್ಕಿನಲ್ಲಿ ಕೈಗೆಟುಕುವಂತಿದ್ದ ಅನಿಲವನ್ನು 13 ಮಂದಿ ಮೂರು ತಿಂಗಳಿಂದ ಹಿಡಿದು ಹಲವು ವರ್ಷಗಳ ತನಕ ತಾವೇ ಸೇದಿದ್ದರು. ಉಳಿದಿಬ್ಬರು ಸೇದಿರಲಿಲ್ಲ, ಗಾಳಿಯಾಡದ ಕೋಣೆಯಲ್ಲಿ ರೋಗಿಗಳಿಗೆ ಕೊಡುತ್ತ ಕೊಡುತ್ತ ತಾವೂ ಉಸಿರಾಡಿದ್ದರು. ಶುದ್ಧ ವೈದ್ಯಕೀಯ ಅನಿಲವೇ ಹೀಗೆ ಮಾಡಿತ್ತು ಅಂದಮೇಲೆ, ದೋಷ ಗುಂಡಿನಲ್ಲಿರುವ ಕಲಬೆರಕೆಯದಲ್ಲ, ಅನಿಲದ್ದೇ.

ವೈದ್ಯರೂ ಎಡವುವ ಜಾಗ ರಕ್ತಪರೀಕ್ಷೆ. ರೋಗಿಯ ಬಿ12 ಮಟ್ಟ ಎಷ್ಟೋ ಸಲ ‘ನಾರ್ಮಲ್’ ಎಂದೇ ಬರುತ್ತದೆ. ಮಾಮೂಲಿ ಪರೀಕ್ಷೆ ಗೊಂಚಲಿನಲ್ಲಿ ಬೀಗದ ಕೈ ಎಷ್ಟಿವೆ ಎಂದು ಎಣಿಸುತ್ತದೆಯೇ ಹೊರತು, ಅವುಗಳ ಹಲ್ಲು ಸವೆದಿದೆಯೇ ಎಂದು ನೋಡುವುದಿಲ್ಲ. ಅದರ ಮೇಲೆ, ಗಾಬರಿಯಾದ ರೋಗಿ ಅಂಗಡಿಯಿಂದ ಬಿ12 ಮಾತ್ರೆ ತಂದು ನುಂಗಿದ್ದರೆ ಅಂಕಿ ಇನ್ನೂ ಚೆನ್ನಾಗಿ ಕಾಣುತ್ತದೆ. ಇಂಥಲ್ಲಿ ಕೇಳಬೇಕಾದದ್ದು ಹೋಮೋಸಿಸ್ಟೀನ್ ಮತ್ತು ಮಿಥೈಲ್ ಮೆಲೋನಿಕ್ ಆಸಿಡ್ ಪರೀಕ್ಷೆಗಳನ್ನು. ಬಿ12 ಇದ್ದೂ ದುಡಿಯದಿದ್ದರೆ ಬದಲಾಗಬೇಕಿದ್ದ ಸರಕು ರಕ್ತದಲ್ಲಿ ರಾಶಿ ಬೀಳುತ್ತದೆ. ಈ ಪರೀಕ್ಷೆಗಳು ಆ ರಾಶಿಯನ್ನು ಅಳೆಯುತ್ತವೆ. ಕುತ್ತಿಗೆಯ ಎಂಆರ್‌ಐನಲ್ಲಿ ಬೆನ್ನುಹುರಿಯ ಹಿಂಭಾಗ ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದಂತೆ ಬೆಳ್ಳಗೆ ಕಾಣಬಹುದು, ಕಾಣದೆಯೂ ಇರಬಹುದು. ಎಲ್ಲಕ್ಕಿಂತ ಅಗ್ಗದ ಸಾಧನ ಟ್ಯೂನಿಂಗ್ ಫೋರ್ಕ್. ಮೀಟಿ ಹೆಬ್ಬೆರಳಿನ ಮೂಳೆಯ ಮೇಲಿಟ್ಟರೆ ಕಂಪನ ಗೊತ್ತಾಗಬೇಕು. ಗೊತ್ತಾಗದಿದ್ದರೆ ಹರಡಿಗೆ, ಆಮೇಲೆ ಮಂಡಿಗೆ ಸರಿಸುತ್ತಾರೆ. ನಷ್ಟ ಎಲ್ಲಿಯವರೆಗೆ ಏರಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಬಿ12 ನಮಗೆ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸೊಪ್ಪು, ಕಾಳುಗಳಲ್ಲಿ ಇಲ್ಲ. ಆದ್ದರಿಂದ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ತಿನ್ನುವವರಲ್ಲಿ, ಕೊರತೆ ಸಾಮಾನ್ಯ. ಓದಲು ಹೊರದೇಶಕ್ಕೆ ಹೋದ ಅಂಥ ಮನೆಯ ಹುಡುಗನ ದೇಹದಲ್ಲಿ ದಾಸ್ತಾನು ಮೊದಲೇ ತಳ ಕಂಡಿರಬಹುದು. ಅವನ ನರ ಕೆಡಲು ಗೆಳೆಯನಿಗಿಂತ ಕಡಿಮೆ ಅನಿಲ ಸಾಕು. ಊರಿನಲ್ಲಿರುವ ಹಿರಿಯರಿಗೂ ಇದು ಸಂಬಂಧಿಸಿದ್ದೇ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಇಂದಿಗೂ ಬಳಕೆಯಲ್ಲಿದೆ. ಹೆಚ್ಚಿನವರಿಗೆ ಅದರಿಂದ ಅಪಾಯವಿಲ್ಲ. ಆದರೆ ಗೊತ್ತಾಗದೆ ಬಿ12 ಕೊರತೆಯಿದ್ದವರಿಗೆ ಒಂದೇ ಆಪರೇಷನ್ನಿನ ನಂತರ, ಕೆಲವು ವಾರಗಳಲ್ಲಿ ಕಾಲು ಸೋತ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೊದಲೇ ಕೈಕಾಲು ಜುಮುಗುಡುತ್ತಿದ್ದರೆ ಅದನ್ನು ಅರಿವಳಿಕೆ ವೈದ್ಯರ ಕಿವಿಗೆ ಹಾಕಲೇಬೇಕು.

ಚಿಕಿತ್ಸೆಯ ಮೊದಲ ಹೆಜ್ಜೆ ಅನಿಲ ನಿಲ್ಲಿಸುವುದು. ಸೇದುತ್ತಲೇ ಮಾತ್ರೆ ನುಂಗಿದರೆ ರಕ್ಷಣೆ ಸಿಗುವುದಿಲ್ಲ. ಹೊಸದಾಗಿ ಬಂದ ಬಿ12 ಕೂಡ ಅದೇ ರೀತಿ ಕೆಡುತ್ತದೆ. ಬ್ರಿಟನ್ನಿನಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ದಿನ ಬಿಟ್ಟು ದಿನ 1 ಮಿಲಿಗ್ರಾಂ ಬಿ12 ಇಂಜೆಕ್ಷನ್ ಕೊಡುವುದು ರೂಢಿ. ಫೋಲಿಕ್ ಆಸಿಡ್ ಬೇಕಾದರೂ ಬಿ12 ಶುರುವಾದ ಮೇಲೆಯೇ. ಅದೊಂದನ್ನೇ ಮೊದಲು ಕೊಟ್ಟರೆ ನರದ ಸ್ಥಿತಿ ಬಿಗಡಾಯಿಸಬಹುದು. ಬೇಗ ಬಂದವರು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ನೆಟ್ಟಗೆ ನಡೆಯುತ್ತಾರೆ. ನಡೆಯಲಾಗದ ಸ್ಥಿತಿಗೆ ತಲುಪಿ ಬಂದವರಲ್ಲಿ ಕೆಲವರಿಗೆ ಪಾದದ ಮರಗಟ್ಟುವಿಕೆ ಉಳಿದುಬಿಡುತ್ತದೆ, ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ಗೋಡೆಯ ಆಸರೆಯೂ ಬೇಕಾಗುತ್ತದೆ.