ಇಬ್ಬರಿಗಷ್ಟೇ ತುಪ್ಪದನ್ನ, ಸಾಗು, ಪಾಯಸ

ಮದುವೆಯ ವಾರ್ಷಿಕೋತ್ಸವಕ್ಕೆ ಮನೆಯಲ್ಲೇ ಅಡುಗೆ ಎಂದು ಎಂಟು ಬಗೆ ಮಾಡಹೊರಟವರು ಊಟದ ಹೊತ್ತಿಗೆ ಸುಸ್ತಾಗಿರುತ್ತಾರೆ. ಮೂರೇ ಸಾಕು: ತುಪ್ಪದನ್ನ, ತರಕಾರಿ ಸಾಗು, ಶ್ಯಾವಿಗೆ ಪಾಯಸ. ಅಕ್ಕಿ, ತುಪ್ಪ ಮನೆಯಲ್ಲಿದ್ದರೆ 300 ರೂಪಾಯಿಯಲ್ಲಿ ಮುಗಿಸಬಹುದು.

ಸಾಗು ಸಂಜೆಯೇ ಮಾಡಿಡಿ. ಸ್ವಲ್ಪ ಹೊತ್ತು ನಿಂತರೆ ತರಕಾರಿಗೆ ಮಸಾಲೆ ಹಿಡಿಯುತ್ತದೆ. ಆಲೂಗಡ್ಡೆ, ಬೀನ್ಸ್, ಕ್ಯಾರೆಟ್ ಸೇರಿ ಕಾಲು ಕಿಲೋ ಇಬ್ಬರಿಗೆ ಧಾರಾಳ. ತೆಂಗಿನಕಾಯಿಯೊಂದಿಗೆ ರುಬ್ಬುವ ಹುರಿಗಡಲೆ ಒಂದು ಚಮಚ ಮೀರಿದರೆ ಆರಿದ ಮೇಲೆ ಸಾಗು ಮುದ್ದೆಯಾಗುತ್ತದೆ. ಹಾಗಾದರೆ ಬಿಸಿನೀರು ಬೆರೆಸಿ ಒಂದು ಕುದಿ ಬರಿಸಿ.

ತುಪ್ಪದನ್ನ ಮಾತ್ರ ಕೊನೆಯ ಅರ್ಧ ಗಂಟೆಯ ಕೆಲಸ. ಒಂದು ಲೋಟ ಸೋನಾಮಸೂರಿಯನ್ನು ಮೊದಲೇ 20 ನಿಮಿಷ ನೆನೆಸಿ ಬಸಿದು, ಎರಡು ಚಮಚ ತುಪ್ಪದಲ್ಲಿ ಚಕ್ಕೆ, ಲವಂಗದ ಜತೆ ಹುರಿಯಿರಿ. ನೆನೆದ ಅಕ್ಕಿಗೆ ಎರಡು ಲೋಟಕ್ಕಿಂತ ತುಸು ಕಡಿಮೆಯೇ ನೀರು ಹಾಕಿ, ಇಲ್ಲದಿದ್ದರೆ ಅಗುಳು ಅಂಟುತ್ತದೆ. ದುಬಾರಿ ಗೋಡಂಬಿ ಹತ್ತು ಸಾಕು. ಒಳಗೆ ಬೇಯಿಸಿ ಕಳೆದುಕೊಳ್ಳದೆ, ಹುರಿದು ಮೇಲೆ ಹರಡಿ.

ಪಾಯಸ ಆರಿದಂತೆ ಶ್ಯಾವಿಗೆ ಹಾಲು ಹೀರುತ್ತದೆ. ಅರ್ಧ ಲೋಟ ಕಾಯಿಸಿದ ಹಾಲು ಎತ್ತಿಟ್ಟು, ಬಡಿಸುವಾಗ ಬೆರೆಸಿ. ಪಾತ್ರೆಗಳನ್ನು ಮರುದಿನ ತೊಳೆದರಾಯಿತು.