ಬರಿದಾದ ಸ್ನಾಯುವಿಗೆ ಮೊದಲು ಅನ್ನ, ಆಮೇಲೆ ಕ್ರಿಯಾಟಿನ್

ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ಸೈಕಲ್ಲಿನಲ್ಲಿ ಹೊರಟು ನಂದಿಬೆಟ್ಟ ಹತ್ತಿ ಬರುವವರಲ್ಲಿ ಅನೇಕರು ಭಾನುವಾರವೂ ಅಷ್ಟೇ ದೂರ ತುಳಿಯಬೇಕೆಂದುಕೊಂಡಿರುತ್ತಾರೆ. ಎರಡನೆಯ ದಿನ ಅರ್ಧ ದಾರಿಯಲ್ಲೇ ತೊಡೆಗಳು ಸೋಲುತ್ತವೆ. ಉಸಿರು ಕಟ್ಟಿರುವುದಿಲ್ಲ, ಹೇಳಿಕೊಳ್ಳುವಂಥ ನೋವೂ ಇರುವುದಿಲ್ಲ. ನಿನ್ನೆ ಸಲೀಸಾಗಿ ಬಂದ ವೇಗ ಇಂದು ಎಷ್ಟು ಒತ್ತಿದರೂ ಬರುವುದಿಲ್ಲ, ಅಷ್ಟೇ. ಹೀಗಾದಾಗ ಜಿಮ್ಮಿನ ಗೆಳೆಯರು ಈಗ ಕೊಡುವ ಸಲಹೆ, ಒಂದು ಚಮಚ ಕ್ರಿಯಾಟಿನ್. ಸ್ನಾಯುವಿನ ಇಂಧನ ಬೇಗ ತುಂಬುತ್ತದೆ ಎನ್ನುವುದು ಅವರ ವಾದ. ಅದರಲ್ಲಿ ನಿಜವಿದೆ, ಆದರೆ ಆ ನಿಜಕ್ಕೆ ಷರತ್ತುಗಳಿವೆ.

ತೊಡೆ ಸೋಲುವುದಕ್ಕೆ ಮುಖ್ಯ ಕಾರಣ ಗ್ಲೈಕೋಜನ್ ಮುಗಿದಿರುವುದು. ನಾವು ತಿಂದ ಅನ್ನ, ಮುದ್ದೆ, ಹಣ್ಣುಗಳ ಸಕ್ಕರೆಯನ್ನು ದೇಹ ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಒಟ್ಟು ಸುಮಾರು 400 ಗ್ರಾಂ ಇರಬಹುದು. ಒಂದೂವರೆ ಎರಡು ಗಂಟೆ ಬಿರುಸಾಗಿ ತುಳಿದರೆ ತೊಡೆಯ ಪಾಲು ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಪಕ್ಕದ ತೋಳಿನಲ್ಲಿ ಗ್ಲೈಕೋಜನ್ ಉಳಿದಿದ್ದರೂ ತೊಡೆಗೆ ಸಿಗದು. ಒಂದು ಸ್ನಾಯುವಿನ ಗ್ಲೈಕೋಜನ್ ಅಲ್ಲೇ ಖರ್ಚಾಗಬೇಕು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು 1966ರಲ್ಲಿ ಸ್ವೀಡನ್ನಿನ ಯೊನಾಸ್ ಬರ್ಗ್‌ಸ್ಟ್ರಮ್ ಮತ್ತು ಎರಿಕ್ ಹಲ್ಟ್‌ಮನ್. ಇಬ್ಬರೂ ಒಂದೇ ಕಾಲಿನಲ್ಲಿ ಸೈಕಲ್ ತುಳಿದು ಆ ಕಾಲನ್ನು ಬಳಲಿಸಿದರು, ಇನ್ನೊಂದಕ್ಕೆ ವಿಶ್ರಾಂತಿ ಕೊಟ್ಟರು. ಆಮೇಲೆ ಮೂರು ದಿನ ಪಿಷ್ಟ ಹೆಚ್ಚಿರುವ ಊಟ ಮಾಡಿ, ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದರ ಎರಡರಷ್ಟಿತ್ತು. ಬರಿದಾದ ಸ್ನಾಯು ಮೊದಲಿನ ಮಟ್ಟಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತದೆ ಎಂದು ಅಂದು ಗೊತ್ತಾಯಿತು. ಕೊರತೆ ಇರುವುದು ಸಮಯಕ್ಕೆ. ಚೆನ್ನಾಗಿ ತಿಂದರೂ ಖಾಲಿ ಸ್ನಾಯು ಮಾಮೂಲಿ ಮಟ್ಟಕ್ಕೆ ಬರಲು ಹತ್ತಿರ ಹತ್ತಿರ ಇಡೀ ದಿನ ಬೇಕು. ಶನಿವಾರ ಹತ್ತಕ್ಕೆ ಇಳಿದು ಭಾನುವಾರ ಆರಕ್ಕೆ ಹೊರಡುವವರಿಗೆ ಇರುವುದು ಇಪ್ಪತ್ತು ಗಂಟೆ.

ಕ್ರಿಯಾಟಿನ್ನಿನ ಮೂಲ ಕೆಲಸ ಬೇರೆ. ಸ್ನಾಯುವಿನಲ್ಲಿ ಫಾಸ್ಫೇಟ್ ಜೊತೆ ಸೇರಿಕೊಂಡು, ಹಠಾತ್ತನೆ ಜೋರು ಹಾಕುವ ಕೆಲವೇ ಸೆಕೆಂಡುಗಳಿಗೆ ಅದು ಶಕ್ತಿ ಒದಗಿಸುತ್ತದೆ. ಗ್ಲೈಕೋಜನ್ನಿಗೂ ಇದಕ್ಕೂ ಇರುವ ನಂಟನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ನೇರವಾಗಿ ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. 14 ಮಂದಿ ಗಂಡಸರು ಇನ್ನು ಸಾಧ್ಯವಿಲ್ಲ ಎನ್ನುವವರೆಗೆ ಸೈಕಲ್ ತುಳಿದರು. ನಂತರ ಆರು ದಿನ ಎಲ್ಲರಿಗೂ ಒಂದೇ ಬಗೆಯ ಊಟ, ಅದರ ಕ್ಯಾಲರಿಯಲ್ಲಿ ಶೇಕಡ 80ಕ್ಕೂ ಹೆಚ್ಚು ಪಿಷ್ಟ ಸಕ್ಕರೆಗಳದು. ಕೆಲವರಿಗೆ ದಿನಕ್ಕೆ 20 ಗ್ರಾಂ ಕ್ರಿಯಾಟಿನ್, ಉಳಿದವರಿಗೆ ಹುಸಿ ಪುಡಿ. ಎರಡೂ ಗುಂಪಿನವರ ಸ್ನಾಯು ತುಂಬಿಕೊಂಡಿತು, ಆದರೆ ಕ್ರಿಯಾಟಿನ್ ತೆಗೆದುಕೊಂಡವರದು ಹೆಚ್ಚು. ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇದು: ಆ ಅಂತರ ಹುಟ್ಟಿದ್ದು ಮೊದಲ 24 ಗಂಟೆಯೊಳಗೆ. ಆಮೇಲೆ ಅದು ಹಾಗೇ ಉಳಿಯಿತು, ಬೆಳೆಯಲಿಲ್ಲ. ಬೆನ್ನುಬೆನ್ನಿಗೆ ತಾಲೀಮು ಮಾಡುವವರಿಗೆ ಬೇಕಾದದ್ದು ಆ ಮೊದಲ ದಿನವೇ.

ಇಷ್ಟಕ್ಕೇ ಡಬ್ಬಿ ಕೊಳ್ಳಲು ಓಡಬೇಕಿಲ್ಲ. ಆ ಪ್ರಯೋಗದಲ್ಲಿ ಸ್ನಾಯು ಪೂರ್ತಿ ಬರಿದಾಗಿತ್ತು, ಊಟ ಧಾರಾಳವಾಗಿತ್ತು, ಕ್ರಿಯಾಟಿನ್ ಆಗಷ್ಟೇ ಸ್ನಾಯುವಿಗೆ ಸೇರತೊಡಗಿತ್ತು. ತಿಂಗಳುಗಟ್ಟಲೆ ತೆಗೆದುಕೊಳ್ಳುವವರ ಕಥೆ ಬೇರೆ ಇರಬಹುದು. ನೆದರ್ಲೆಂಡ್ಸಿನ ಲುಕ್ ವ್ಯಾನ್ ಲೂನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಐದು ದಿನ ದಿನಕ್ಕೆ 20 ಗ್ರಾಂ ಕೊಟ್ಟಾಗ ಗ್ಲೈಕೋಜನ್ ಸುಮಾರು ಶೇಕಡ 18 ಏರಿತು. ಬಳಿಕ ಆರು ವಾರ ದಿನಕ್ಕೆ 2 ಗ್ರಾಂ ಮುಂದುವರಿಸಿದಾಗ ಆ ಏರಿಕೆ ಉಳಿಯಲಿಲ್ಲ. ಹಾಗಾಗಿ ವರ್ಷವಿಡೀ ಪುಡಿ ಕುಡಿಯುವವರು ಪ್ರತಿ ವಾರಾಂತ್ಯವೂ ಈ ಲಾಭ ಸಿಗುತ್ತದೆಂದು ನಂಬಿಕೊಳ್ಳಬಾರದು.

ಇನ್ನು ಊಟದ ಲೆಕ್ಕ. 60 ಕೆಜಿ ತೂಕದ ಸೈಕಲ್ ಸವಾರರೊಬ್ಬರನ್ನು ತೆಗೆದುಕೊಳ್ಳೋಣ. ಮಾರನೆಯ ದಿನವೂ ತುಳಿಯುವುದಿದ್ದರೆ ಮೊದಲ ನಾಲ್ಕು ಗಂಟೆ, ಗಂಟೆಗೆ ಕೆಜಿಗೆ 1 ಗ್ರಾಂನಂತೆ, ಸುಮಾರು 60 ಗ್ರಾಂ ಪಿಷ್ಟ ಸಕ್ಕರೆ ಬೇಕು. ಇಡೀ ದಿನಕ್ಕೆ ಕೆಜಿಗೆ 8 ಗ್ರಾಂ, ಅಂದರೆ 480 ಗ್ರಾಂ. ಸೈಕಲ್ ಇಳಿದ ಕೂಡಲೇ ಎರಡು ದೊಡ್ಡ ಬಾಳೆಹಣ್ಣು, ಒಂದು ಲೋಟ ಬೆಲ್ಲದ ಪಾನಕ. ಸ್ವಲ್ಪ ಹೊತ್ತಿಗೆ ನೂರು ಗ್ರಾಂ ಅವಲಕ್ಕಿಯ ಒಗ್ಗರಣೆ. ಮಧ್ಯಾಹ್ನ ಒಂದಕ್ಕೆ 150 ಗ್ರಾಂ ಅಕ್ಕಿಯ ಅನ್ನ, ಸಾರು, ಮೊಸರು. ಇಲ್ಲಿಗೆ ಸುಮಾರು 250 ಗ್ರಾಂ ಆಯಿತು. ಉಳಿದದ್ದು ಸಂಜೆಯ ಮಂಡಕ್ಕಿ, ಹಣ್ಣು, ರಾತ್ರಿ ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆ ಮತ್ತು ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ ತುಂಬುತ್ತದೆ. ಮಾಮೂಲಿ ಊಟಕ್ಕಿಂತ ಇದು ಬಹಳ ಹೆಚ್ಚು, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಹೀಗೆ ತಿನ್ನಲೇಬಾರದು.

ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ. ಬೆಟ್ಟ ಇಳಿದು ಒಂದು ಮಸಾಲೆದೋಸೆ, ಕಾಫಿ. ಮನೆಗೆ ಬಂದು ನಿದ್ದೆ. ರಾತ್ರಿ ‘ಹಗುರವಾಗಿ’ ಎರಡು ಚಪಾತಿ. 200 ಗ್ರಾಂ ಕೂಡ ಒಳಗೆ ಹೋಗಿರುವುದಿಲ್ಲ. ಅದರ ಮೇಲೆ ನೀರಿನಲ್ಲಿ ಕದಡಿದ ಕ್ರಿಯಾಟಿನ್ ಕುಡಿದರೆ ಗ್ಲೈಕೋಜನ್ ತಯಾರಾಗುವುದಾದರೂ ಯಾವುದರಿಂದ? ಕ್ರಿಯಾಟಿನ್ನಿನಿಂದ ಗ್ಲೈಕೋಜನ್ ಹುಟ್ಟುವುದಿಲ್ಲ. ಬಂದ ಸಕ್ಕರೆಯನ್ನು ಸ್ನಾಯು ಇನ್ನಷ್ಟು ಕೂಡಿಡಲು ಅದು ನೆರವಾಗುತ್ತದೆ. ಹೇಗೆ ಎನ್ನುವುದು ವಿಜ್ಞಾನಿಗಳಲ್ಲಿ ಇತ್ಯರ್ಥವಾಗಿಲ್ಲ. ಕ್ರಿಯಾಟಿನ್ ಜೊತೆ ನೀರೂ ಸೇರಿ ಜೀವಕೋಶ ಉಬ್ಬುವುದೇ ಕಾರಣವಿರಬಹುದು ಎಂಬ ಊಹೆಯಿದೆ.

ಆ ನೀರು ತೂಕದ ಯಂತ್ರದಲ್ಲೂ ಕಾಣುತ್ತದೆ. ಮೊದಲ ವಾರದಲ್ಲಿ ಸುಮಾರು ಒಂದು ಕೆಜಿ ಏರುವುದು ಸಾಮಾನ್ಯ. ಸವಾರ ಮತ್ತು ಸೈಕಲ್ ಸೇರಿ 70 ಕೆಜಿ ಇದ್ದರೆ, ಕಡಿದಾದ ಅರ್ಧ ಗಂಟೆಯ ಏರಿನಲ್ಲಿ ಈ ಒಂದು ಕೆಜಿ ಸುಮಾರು 25 ಸೆಕೆಂಡು ತಿನ್ನುತ್ತದೆ. ತೂಕದ ವರ್ಗಗಳಲ್ಲಿ ಸೆಣಸುವ ಕುಸ್ತಿಪಟುಗಳಿಗಂತೂ ಇದು ಇನ್ನೂ ದೊಡ್ಡ ಲೆಕ್ಕ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ರಿಯಾಟಿನ್ ತೆಗೆದುಕೊಂಡ ಸವಾರರು 120 ಕಿಮೀ ದೂರವನ್ನು ಬೇಗ ಮುಗಿಸಲಿಲ್ಲ. ಅವರಿಗೆ ಲಾಭ ಕಂಡದ್ದು ಕೊನೆಕೊನೆಯ ಬಿರುಸಿನ ಓಟಗಳಲ್ಲಿ. ಗ್ಲೈಕೋಜನ್ ತುಸು ಹೆಚ್ಚಿತೆಂದರೆ ಎರಡನೆಯ ದಿನದ ಸಮಯವೂ ಸುಧಾರಿಸುತ್ತದೆ ಎಂದು ಹೇಳಲಾಗದು. ಒಂದೇ ದಿನ ಹಲವು ಪಂದ್ಯ ಆಡಿ ಮಾರನೆಯ ದಿನ ಮತ್ತೆ ಅಂಕಣಕ್ಕಿಳಿಯುವ ಕಬಡ್ಡಿ ಆಟಗಾರರಿಗೆ, ಉದ್ದದ ಏರು ಹತ್ತುವವರಿಗಿಂತ ಇದು ಹೆಚ್ಚು ಒದಗೀತು ಎಂಬುದು ನನ್ನ ಅಭಿಪ್ರಾಯ. ಜಿಮ್ಮಿನಲ್ಲಿ ಒಂದು ಗಂಟೆ ಭಾರ ಎತ್ತುವವರ ಸ್ನಾಯು ಪೂರ್ತಿ ಬರಿದಾಗುವುದೇ ಇಲ್ಲ. ಅವರು ಕ್ರಿಯಾಟಿನ್ ತೆಗೆದುಕೊಳ್ಳಲು ಬೇರೆ ಕಾರಣಗಳಿರಬಹುದು, ಗ್ಲೈಕೋಜನ್ ಅಲ್ಲ.

ತೆಗೆದುಕೊಳ್ಳುವುದೇ ಆದರೆ ದಿನಕ್ಕೆ ನಾಲ್ಕು ಸಲ 5 ಗ್ರಾಂನಂತೆ ಐದಾರು ದಿನ, ಇಲ್ಲವೇ ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ. ಕೊನೆಗೆ ಸ್ನಾಯು ಸೇರುವ ಮೊತ್ತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಹಲ್ಟ್‌ಮನ್ ತಂಡವೇ 1996ರಲ್ಲಿ ತೋರಿಸಿತು. ಊಟದಿಂದ ಬರುವ ಕ್ರಿಯಾಟಿನ್ ಇರುವುದು ಮಾಂಸ, ಮೀನಿನಲ್ಲಿ. ಆದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಮೊದಲೇ ಕಡಿಮೆ, ಪುಡಿ ತೆಗೆದುಕೊಂಡಾಗ ಏರಿಕೆ ಹೆಚ್ಚು. ಪುಡಿಯನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುವುದರಿಂದ ಅದರಲ್ಲಿ ಮಾಂಸವಿಲ್ಲ. ಕ್ರಿಯಾಟಿನ್ ಒಡೆದು ಕ್ರಿಯಾಟಿನೀನ್ ಆಗುವುದರಿಂದ ರಕ್ತಪರೀಕ್ಷೆಯಲ್ಲಿ ಆ ಅಂಕಿ ಮೇಲೇರಿ, ಮೂತ್ರಪಿಂಡ ಕೆಟ್ಟಿದೆಯೇನೋ ಎಂಬ ಅನುಮಾನ ಬರಬಹುದು. ಪುಡಿ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಮೂತ್ರಪಿಂಡದ ತೊಂದರೆ ಈಗಾಗಲೇ ಇರುವವರು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು.